ಜೇನು ಮೊದಲೋ, ಬ್ಲೌಸು ಮೊದಲೋ?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮಾರ್ಚ್ ಮೊದಲ ವಾರ. ಸೋಮವಾರಪೇಟೆ ಕಡೆಯ ಅಕ್ಕ ಒಬ್ಬರು ನನ್ನ ಹತ್ತಿರ ಸಲಹೆ ಕೇಳೋಕೆ ಬಂದಿದ್ದರು. ಗಂಡ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಕಾಫಿ ಕೊಯ್ಲು ಮುಗಿದು ಇವರ ಕೂಲಿಯೂ ನಿಂತಿತ್ತು. ಕೈಯಲ್ಲಿ 15,000 ರೂಪಾಯಿ. ಏಪ್ರಿಲ್‌ನಿಂದ ತಿಂಗಳಿಗೆ 6,000 ಬೇಕೇ ಬೇಕು.

"ಜೇನು ಪೆಟ್ಟಿಗೆ ಇಡ್ತೀನಿ ಮೇಡಂ, ಮೂರು ಪೆಟ್ಟಿಗೆ" ಎಂದರು. ಹಂದಿಮರಿ, ಹೋಂಸ್ಟೇಗೆ ಅಕ್ಕಿ ರೊಟ್ಟಿ, ಬ್ಲೌಸ್ ಹೊಲಿಗೆ ಕೂಡ ತಲೆಯಲ್ಲಿತ್ತು. ಮನಸ್ಸು ಮಾತ್ರ ಜೇನಿನ ಮೇಲೆ.

ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದೆವು: ಎಷ್ಟು ಗಂಟೆ, ಎಷ್ಟು ದುಡ್ಡು, ಮೊದಲ ರೂಪಾಯಿ ಯಾವ ದಿನ. ಕೊನೆಯದನ್ನೇ ಮೊದಲು ತುಂಬಿಸಿ ಅಂದೆ. ತಡೆಯೋಕಾಗದ ಖರ್ಚು ಕಣ್ಣೆದುರು ಇದ್ದಾಗ ಬೇರೆ ಲೆಕ್ಕ ಆಮೇಲೆ.

ಜೇನಿಗೆ ವಾರಕ್ಕೆ ಎರಡು ಗಂಟೆ ಸಾಕು. ಆದರೆ ಜೇನುಹುಳುಗಳ ಕುಟುಂಬ ಸಮೇತ ಪೆಟ್ಟಿಗೆಗೆ 4,500 ಹೇಳಿದ್ದರಂತೆ. ಮೂರಕ್ಕೆ 13,500, ಅಲ್ಲಿಗೆ ಗಂಟು ಖಾಲಿ. ಕಾಫಿ ಹೂವು ಬಿಡುವ ಹೊತ್ತಿಗೆ ಕುಟುಂಬ ಬಲವಾಗಿರಬೇಕು. ಈಗ ತಂದರೆ ಬೆಳೆಯುವುದರೊಳಗೆ ಹೂವು ಉದುರಿರುತ್ತದೆ. ಆಮೇಲೆ ಮಳೆಗಾಲ, ಹುಳುಗಳಿಗೆ ಸಕ್ಕರೆ ಪಾಕ ಇಡುವ ಖರ್ಚು. ಅಂದರೆ ಸರಿಯಾದ ಜೇನುತುಪ್ಪ ಮುಂದಿನ ವರ್ಷವೇ. ಹಂದಿಮರಿಯೂ ಮಾರಾಟಕ್ಕೆ ಬರಲು ಎಂಟು–ಹತ್ತು ತಿಂಗಳು. ಎರಡನ್ನೂ ಪಕ್ಕಕ್ಕಿಟ್ಟೆವು.

ರೊಟ್ಟಿಗೆ ಬಂಡವಾಳ ಕಮ್ಮಿ. ಆದರೆ ಬೆಳಗ್ಗೆ ಏಳಕ್ಕೆ ತಲುಪಿಸಬೇಕು. ಗಂಡನನ್ನು ಎಬ್ಬಿಸಿ, ಸ್ನಾನ ಮಾಡಿಸಿ ಕೂರಿಸುವ ಹೊತ್ತೂ ಅದೇ. ಅಕ್ಕನಿಗೆ ಬಿಡುವಿರೋದು ಹತ್ತರಿಂದ ಎರಡರವರೆಗೆ. ದಿನಕ್ಕೆ ಎಷ್ಟು ಗಂಟೆ ಅಂತ ಕೇಳಿದರೆ ಸಾಲದು, ಯಾವ ಗಂಟೆ ಅಂತಲೂ ಕೇಳಬೇಕು. ಹೋಂಸ್ಟೇಯವರು ದುಡ್ಡು ಕೊಡೋದೂ ತಿಂಗಳ ಕೊನೆಗೆ.

ಉಳಿದದ್ದು ಹೊಲಿಗೆ. ಮನೆಯಲ್ಲಿ ಹಳೇ ಮಷಿನ್ ಇತ್ತು. ರಿಪೇರಿ, ಲೈನಿಂಗ್, ದಾರ, ಹುಕ್ಕು ಸೇರಿ 2,500. ಲೈನಿಂಗ್ ಬ್ಲೌಸಿಗೆ ಅವರೂರಲ್ಲಿ 350, ಸಾಮಾನು ಕಳೆದರೆ 280. "ಎರಡೇ ಗಂಟೆ ಸಾಕು" ಎಂದರು. ಅಳತೆ, ಹುಕ್ಕು, ಸಡಿಲ ಮಾಡಿಕೊಡೋದು? ಎಣಿಸಿದರೆ ಮೂರು ಗಂಟೆ. ದಿನಕ್ಕೆ ನಾಲ್ಕು ಗಂಟೆಯಂತೆ 24 ದಿನಕ್ಕೆ 32 ಬ್ಲೌಸ್ ಆಗಬಹುದು. ಆದರೆ ಕೈ ಓಡಿದಷ್ಟು ಆರ್ಡರ್ ಬರುತ್ತಾ? 20 ಅಂತ ಹಿಡಿದೆವು. 5,600 ರೂಪಾಯಿ. ಸ್ವಲ್ಪ ಕಮ್ಮಿಯೇ.

ನನ್ನ ಸಲಹೆ ಇಷ್ಟು: ಈ ವಾರವೇ ಮಷಿನ್ ರಿಪೇರಿ ಮಾಡಿಸಿ. ಉಳಿದ 12,500 ಮುಟ್ಟಬೇಡಿ, ಕಮ್ಮಿ ಬಿದ್ದ ತಿಂಗಳಿಗೆ ಅದೇ ಆಸರೆ. ಜೇನು ಬೇಕೇ ಬೇಕಾದರೆ ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ, ಒಂದೇ ಪೆಟ್ಟಿಗೆ.

ಮೇ ಮೊದಲಿಗೆ ಮತ್ತೆ ಬಂದರು. ಏಪ್ರಿಲ್‌ನಲ್ಲಿ ಹೊಲಿದದ್ದು 14 ಬ್ಲೌಸ್. ಅದರಲ್ಲಿ ಮೂರರ ದುಡ್ಡು ಬಂದಿರಲಿಲ್ಲ, ಪಕ್ಕದ ಮನೆಯವರಲ್ವಾ, ಕೇಳೋಕೆ ಸಂಕೋಚ. ಈ ಸಾಲವನ್ನು ನಾನೂ ಲೆಕ್ಕ ಹಾಕಿರಲಿಲ್ಲ. ಬಟ್ಟೆ ಕೊಡುವಾಗಲೇ 150 ಮುಂಗಡ ಅಂತ ಬರೆದು ಮಷಿನ್ ಮೇಲೆ ಅಂಟಿಸಿ ಅಂದೆ. "ಬಾಯಲ್ಲಿ ಹೇಳೋಕಿಂತ ಅದೇ ಸುಲಭ" ಎಂದು ಅಕ್ಕ ನಕ್ಕರು.