ಖಾಲಿ ಫ್ಲಾಟಿಗೆ ಬಾಡಿಗೆ ಎಷ್ಟು ಇಡೋದು?

"800 ಚದರ ಅಡಿ ಫ್ಲಾಟ್, ಪಾರ್ಕಿಂಗ್ ಇದೆ, ಪೀಠೋಪಕರಣ ಇಲ್ಲ. ಅಕ್ಕಪಕ್ಕದವರು 22 ಸಾವಿರದಿಂದ 30 ಸಾವಿರದವರೆಗೆ ಕೇಳ್ತಿದ್ದಾರೆ. 50 ಲಕ್ಷಕ್ಕೆ ಕೊಂಡಿದ್ದು, ಈಗ 70 ಬಾಳುತ್ತೆ. ವರ್ಷಕ್ಕೆ 5 ಪರ್ಸೆಂಟ್ ಆದರೂ ಬರಬೇಕು. ಎಷ್ಟು ಇಡಲಿ?"

ಅಕ್ಕಪಕ್ಕದ ಫ್ಲಾಟುಗಳದ್ದು ಅಂತ ನೀವು ಇಲ್ಲಿ ಹಾಕಿದ 22, 24, 26, 30 ಸಾವಿರದ ನಾಲ್ಕು ಜಾಹೀರಾತುಗಳನ್ನೂ ನೋಡಿದೆ. ಮೊದಲು 30 ಸಾವಿರದ್ದನ್ನು ಪಕ್ಕಕ್ಕಿಡಿ. ಅದು ಮೂರು ತಿಂಗಳಿಂದ ಹಾಗೇ ಇದೆ ಅಂತ ನೀವೇ ಬರೆದಿದ್ದೀರಿ. ಅಂದರೆ ಆ ಬಾಡಿಗೆ ಕೊಡುವವರು ಸಿಕ್ಕಿಲ್ಲ. ಜಾಹೀರಾತಿನಲ್ಲಿರುವುದು ಮಾಲೀಕರ ಆಸೆ, ಒಪ್ಪಂದವಾದ ಬಾಡಿಗೆ ಅಲ್ಲ. ಎಂಟೇ ದಿನಕ್ಕೆ ಮಾಯವಾದ 24 ಸಾವಿರದ ಫ್ಲಾಟ್ ನಿಮಗೆ ಎಲ್ಲಕ್ಕಿಂತ ಒಳ್ಳೆಯ ಸುಳಿವು. ಎಷ್ಟಕ್ಕೆ ಹೋಯಿತು ಅಂತ ಕಾವಲಿನವರನ್ನೋ ಬ್ರೋಕರನ್ನೋ ಕೇಳಿ, ಸಾಮಾನ್ಯವಾಗಿ ಹೇಳುತ್ತಾರೆ.

ಉಳಿದವನ್ನು ನಿಮ್ಮ ಮನೆಯ ಅಳತೆಗೆ ತಂದು ನೋಡಬೇಕು. 26 ಸಾವಿರದ್ದು 850 ಅಡಿ, ಒಳಗೆ ಎಲ್ಲ ಸಾಮಾನು ಇದೆ. ಆ ಸಾಮಾನಿಗೆ 1,20,000 ಖರ್ಚಾಗಿ ಐದು ವರ್ಷ ಬಾಳುತ್ತದೆ ಅಂದುಕೊಂಡರೆ ತಿಂಗಳಿಗೆ 2,000. ಅದನ್ನು ಕಳೆದರೆ 24,000. ಇನ್ನು 50 ಅಡಿ ಜಾಸ್ತಿ ಇರುವುದಕ್ಕೆ ನಾನು ಪೂರ್ತಿ ದರ ಕಳೆಯುವುದಿಲ್ಲ, ಸುಮಾರು ಅರ್ಧ ದರ, 700 ಕಳೆಯುತ್ತೇನೆ. ಕೋಣೆಗಳು ಅಷ್ಟೇ ಇದ್ದಾಗ ಸ್ವಲ್ಪ ದೊಡ್ಡ ಹಾಲ್‌ಗೆ ಯಾರೂ ಅಡಿ ಲೆಕ್ಕದಲ್ಲಿ ದುಡ್ಡು ಕೊಡುವುದಿಲ್ಲ ಅಲ್ವಾ. ಹೀಗೆ 23,300 ಆಯಿತು.

22 ಸಾವಿರದ್ದು 780 ಅಡಿ, ಪಾರ್ಕಿಂಗ್ ಇಲ್ಲ. ನಿಮ್ಮ ಕಡೆ ಬರೀ ಪಾರ್ಕಿಂಗ್ ಜಾಗಕ್ಕೇ 1,200 ಕೊಡುತ್ತಾರೆ ಅಂದಿರಿ. ಅದನ್ನೂ 20 ಅಡಿಗೆ 300ನ್ನೂ ಸೇರಿಸಿದರೆ 23,500. ಎಂಟು ದಿನಕ್ಕೆ ಹೋದದ್ದು 820 ಅಡಿ, ಉಳಿದದ್ದೆಲ್ಲ ನಿಮ್ಮದರಂತೆ. 300 ಕಳೆದರೆ 23,700. ಮೂರೂ ಒಂದೇ ಕಡೆ ಬಂದು ನಿಂತವು ನೋಡಿ. 24,000 ಅಂತ ಹಾಕಿ, 23,500ಕ್ಕೆ ಒಪ್ಪಿಕೊಳ್ಳಿ. ಒಂದು ಎಚ್ಚರಿಕೆ: ನಾಲ್ಕರಲ್ಲೂ ಅಡಿ ಅಂದರೆ ಮನೆಯೊಳಗೆ ಬಳಸಲು ಸಿಗುವ ಕಾರ್ಪೆಟ್ ಏರಿಯಾನೇನಾ, ಮೆಂಟೇನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಿಕೊಳ್ಳಿ. ಒಬ್ಬರು ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್ ಹೇಳಿದ್ದರೂ ಈ ಲೆಕ್ಕ ಪೂರ್ತಿ ಕೆಡುತ್ತದೆ.

ಈಗ ನಿಮ್ಮ 5 ಪರ್ಸೆಂಟ್. 23,500ರಂತೆ ವರ್ಷಕ್ಕೆ 2,82,000. ನಿಮಗೆ ಇಲ್ಲೇ ಉತ್ತರಿಸಿದ ಒಬ್ಬರು ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಿ ಅಂದರು. ಹಾಗೆ ಮಾಡಿದರೆ 5.6 ಪರ್ಸೆಂಟ್ ಬಂದು ಖುಷಿಯಾಗುತ್ತದೆ. ಹಿಂದೆ ಹಾಕಿದ ದುಡ್ಡು ಎಷ್ಟು ದುಡಿಯಿತು ಅಂತ ತಿಳಿಯಲು ಅದು ಸರಿ. ಆದರೆ ಇವತ್ತು ಮಾರಿದರೆ 70 ಲಕ್ಷ ಕೈಗೆ ಬರುವಾಗ ಹೋಲಿಸಬೇಕಾದ್ದು ಆ 70ನ್ನೇ. ಅದರ ಮೇಲೆ 4 ಪರ್ಸೆಂಟ್ ಮಾತ್ರ. ವರ್ಷಕ್ಕೆ ಒಂದು ತಿಂಗಳು ಖಾಲಿ, ತೆರಿಗೆ ಮತ್ತು ರಿಪೇರಿಗೆ 35,000 ಅಂತ ಕಳೆದರೆ 3.2ಕ್ಕೆ ಇಳಿಯುತ್ತದೆ. ಖರ್ಚು ಕಳೆಯುವ ಮುಂಚೆಯೇ 5 ಬೇಕೆಂದರೆ ತಿಂಗಳಿಗೆ 29,000 ದಾಟಿ ಕೇಳಬೇಕು, ಅಂದರೆ ಆ ಮೂರು ತಿಂಗಳ ಖಾಲಿ ಫ್ಲಾಟಿನ ಸಾಲಿಗೆ ಸೇರುತ್ತೀರಿ. ಬಾಡಿಗೆಗೆ ಬರುವವರಿಗೆ ನಿಮ್ಮ ಬಂಡವಾಳದಿಂದ ಏನೂ ಆಗಬೇಕಿಲ್ಲ. ಈ ಪರ್ಸೆಂಟ್ ಲೆಕ್ಕ ಫ್ಲಾಟ್ ಇಟ್ಟುಕೊಳ್ಳೋದಾ ಮಾರೋದಾ ಅಂತ ಯೋಚಿಸಲು ಬೇಕು, ಬಾಡಿಗೆ ನಿಗದಿಗೆ ಅಲ್ಲ.

ನಾನು ಒಮ್ಮೆ 2,000 ಜಾಸ್ತಿ ಬರಲಿ ಅಂತ ಹಟ ಹಿಡಿದು ಎರಡು ತಿಂಗಳು ಖಾಲಿ ಇಟ್ಟೆ. ನಿಮ್ಮ ಅಂಕಿಯಲ್ಲೇ ನೋಡಿ: 25,500ರಂತೆ 11 ತಿಂಗಳಿಗೆ 2,80,500. 23,500ರಂತೆ 12 ತಿಂಗಳಿಗೆ 2,82,000. ಒಂದೇ ತಿಂಗಳು ಖಾಲಿ ಉಳಿದರೂ ಆ ವರ್ಷ ನಷ್ಟ.

ಅಂಗಡಿಗೂ ಇದೇ ಲೆಕ್ಕನಾ ಅಂತ ಇನ್ನೊಬ್ಬರು ಕೇಳಿದ್ದರು. ಅಲ್ಲ. ಅಂಗಡಿಯಲ್ಲಿ ರಸ್ತೆಗೆ ಮುಖ ಮಾಡಿದ ಅಗಲಕ್ಕೆ ಬೆಲೆ ಹೆಚ್ಚು. ಬ್ರಿಟನ್ನಿನ ಮೌಲ್ಯಮಾಪಕರು ಮುಂಭಾಗದ ಸುಮಾರು 20 ಅಡಿ ಆಳಕ್ಕೆ ಪೂರ್ತಿ ದರ, ಅದರ ಹಿಂದಿನ 20 ಅಡಿಗೆ ಅರ್ಧ ದರ ಹಿಡಿಯುವ ರೂಢಿ ಇದೆ. ಅವರ ಅಂಗಡಿ 40 ಅಡಿ ಆಳ ಅಂದಿದ್ದರು. ಹಾಗಾದರೆ ಅಷ್ಟೇ ಅಗಲದ, 20 ಅಡಿ ಆಳದ ಪಕ್ಕದ ಅಂಗಡಿಯ ಒಂದೂವರೆ ಪಟ್ಟು ಕೇಳಬಹುದು, ಎರಡು ಪಟ್ಟು ಅಲ್ಲ. ಮೂಲೆ ಅಂಗಡಿಗೆ ಎಷ್ಟು ಸೇರಿಸಬೇಕು ಅನ್ನೋದರಲ್ಲಿ ನನಗೂ ನನ್ನ ಬ್ರೋಕರ್‌ಗೂ ಇವತ್ತಿಗೂ ಒಮ್ಮತ ಇಲ್ಲ.

ಜಾಹೀರಾತು ಹಾಕಿದ ಮೇಲೆ ಎರಡು ವಾರ ಕಾಯಿರಿ. ಫೋನೇ ಬರದಿದ್ದರೆ ಬಾಡಿಗೆ ಜಾಸ್ತಿಯಾಯಿತು ಅಂತ, 500 ಇಳಿಸಿ. ಜನ ಬಂದು ನೋಡಿ ಸುಮ್ನೆ ಹೋಗುತ್ತಿದ್ದರೆ ಬಾಡಿಗೆ ಮುಟ್ಟಬೇಡಿ, ಮೊದಲು ಬಣ್ಣ, ನಲ್ಲಿ, ಬಾತ್‌ರೂಮ್ ನೋಡಿ. ಮೊದಲ ದಿನವೇ ಹತ್ತು ಜನ ಮುಂಗಡ ಕೊಡಲು ಬಂದರೆ ಯಾರಿಗೂ ಹೂಂ ಅನ್ನುವ ಮುಂಚೆ ಇಲ್ಲಿ ಬರೆಯಿರಿ, ಲೆಕ್ಕದಲ್ಲಿ ಏನು ಬಿಟ್ಟಿದ್ದೇವೆ ಅಂತ ನೋಡೋಣ.