ಎನ್‌ಪಿವಿ ಸರಿಯಾಗಿ ಸೊನ್ನೆ ಬಂದರೆ ಯೋಜನೆ ಒಪ್ಪಬೇಕಾ?

ಪ್ರಶ್ನೆ: ಒಂದು ಪ್ರಾಜೆಕ್ಟ್‌ನ ಎನ್‌ಪಿವಿ ಕರೆಕ್ಟಾಗಿ ಸೊನ್ನೆ ಬಂದರೆ ಒಪ್ಪಿಕೊಳ್ಳಬೇಕಾ, ಬಿಡಬೇಕಾ? ಕ್ಲಾಸಲ್ಲಿ "ಮಾಡಿದರೂ ಒಂದೇ, ಬಿಟ್ಟರೂ ಒಂದೇ" ಅಂದರು. ಸೊನ್ನೆ ಅಂದ್ರೆ ಲಾಭವೇ ಇಲ್ಲ ಅಂತ ತಾನೇ? ಮತ್ತೆ ಯಾಕೆ ಮಾಡಬೇಕು?

ಉತ್ತರ:

ಮೊದಲು ಆ ಕೊನೆಯ ಮಾತು ಸರಿಮಾಡಿಕೊಳ್ಳೋಣ. ಎನ್‌ಪಿವಿ ಅಂದರೆ ಮುಂದೆ ಬರುವ ಹಣವನ್ನೆಲ್ಲ ಇವತ್ತಿನ ಬೆಲೆಗೆ ತಂದು, ಅದರಲ್ಲಿ ಹಾಕಿದ ಹಣ ಕಳೆದರೆ ಉಳಿಯುವುದು. ಅದು ಸೊನ್ನೆ ಬಂದರೂ ಲಾಭ ಇದೆ. ನಿಮ್ಮ ಹಣಕ್ಕೆ ನೀವು ಎಷ್ಟು ಬಡ್ಡಿ ಬೇಕು ಅಂತ ಕೇಳಿದ್ದಿರೋ, ಅಷ್ಟೂ ಬಂದಿದೆ. ಅದರ ಮೇಲೆ ಏನೂ ಉಳಿದಿಲ್ಲ, ಅಷ್ಟೇ.

ನಾನು ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುತ್ತೇನೆ. ಚಳ್ಳಕೆರೆ ಕಡೆಯ ಒಬ್ಬರು ಶೇಂಗಾ ಎಣ್ಣೆ ತೆಗೆಯುವ ಸಣ್ಣ ಮಿಲ್ಲು ಹಾಕಬೇಕು ಅಂತ ಬಂದಿದ್ದರು. ಅವರದನ್ನೇ ಇಟ್ಟುಕೊಂಡು ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ಹೊಂದಿಸಿದ್ದೇನೆ.

ಯಂತ್ರಕ್ಕೆ 10 ಲಕ್ಷ. ಆಯಸ್ಸು 5 ವರ್ಷ, ಆಮೇಲೆ ಗುಜರಿಗೂ ಬೆಲೆ ಇಲ್ಲ ಅಂತ ಇಟ್ಟುಕೊಳ್ಳಿ. ಎಣ್ಣೆ ಮಾರಿದ್ದು, ಹಿಂಡಿ ಮಾರಿದ್ದು ಸೇರಿಸಿ, ಶೇಂಗಾ, ಕರೆಂಟು, ಕೂಲಿ, ತೆರಿಗೆ ಎಲ್ಲ ಕಳೆದ ಮೇಲೆ ವರ್ಷದ ಕೊನೆಗೆ ಕೈಗೆ ಉಳಿಯುವುದು 2,77,410 ರೂಪಾಯಿ. ಅವರ ಹಣಕ್ಕೆ ಬೇಕಾದ ದರ ಶೇ. 12. ಈ ದರದಲ್ಲಿ ಐದು ವರ್ಷದ ಹಣವನ್ನೆಲ್ಲ ಇವತ್ತಿನ ಬೆಲೆಗೆ ತಂದರೆ ಸರಿಯಾಗಿ 10 ಲಕ್ಷ ಆಗುತ್ತದೆ. ಎನ್‌ಪಿವಿ ಸೊನ್ನೆ.

ಈಗ ಮಿಲ್ಲು ನಿಮ್ಮಿಂದ 10 ಲಕ್ಷ ಸಾಲ ತಗೊಂಡಿದೆ ಅಂತ ಅಂದುಕೊಳ್ಳಿ. ಮೊದಲ ವರ್ಷದ ಬಡ್ಡಿ 1,20,000. ಮಿಲ್ಲು ಕೊಟ್ಟ 2,77,410ರಲ್ಲಿ ಬಡ್ಡಿ ಹೋಗಿ ಉಳಿದದ್ದು ಅಸಲಿಗೆ ಜಮಾ. ಬಾಕಿ 8,42,590. ಎರಡನೇ ವರ್ಷ ಈ ಬಾಕಿಗೆ ಮಾತ್ರ ಬಡ್ಡಿ. ಹೀಗೇ ಹೋದರೆ ಐದನೇ ವರ್ಷದ ಕೊನೆಗೆ ಅಸಲೂ ತೀರಿರುತ್ತದೆ, ಬಡ್ಡಿಯೂ ತೀರಿರುತ್ತದೆ. ಒಟ್ಟು ಬಂದದ್ದು 13,87,050. ಹಾಕಿದ್ದಕ್ಕಿಂತ 3,87,050 ಜಾಸ್ತಿ. ಆ ಜಾಸ್ತಿ ಹಣವೇ ನಿಮ್ಮ ಶೇ. 12. ಇಷ್ಟೇ ಅಪಾಯ ಇರುವ ಬೇರೆ ಕಡೆ ಹಣ ಹಾಕಿದ್ದರೂ ಅಷ್ಟೇ ಸಿಗುತ್ತಿತ್ತು. ಕ್ಲಾಸಲ್ಲಿ ಮಾಡಿದರೂ ಒಂದೇ, ಬಿಟ್ಟರೂ ಒಂದೇ ಅಂದದ್ದು ಇದಕ್ಕೇ. ಆ ಮಟ್ಟಿಗೆ ಅದು ಸರಿ.

ಆದರೆ ಆ ಮಾತು ಸರಿಯಾಗುವುದು "ಈಗ ಮಾಡು, ಇಲ್ಲಾಂದ್ರೆ ಇನ್ಯಾವತ್ತೂ ಆಗಲ್ಲ" ಅನ್ನುವ ಕಡೆ ಮಾತ್ರ. ಒಂದು ವರ್ಷ ತಡೆದು ಮಾಡಬಹುದಾದ ಕೆಲಸಕ್ಕೆ ನನ್ನ ಉತ್ತರ ಬೇರೆ: ಸೊನ್ನೆ ಬಂದರೆ ಈಗ ಒಪ್ಪಬೇಡಿ.

ಯಾಕೆ ಅಂತ ನೋಡಿ. ಮಿಲ್ಲಿನವರ ಹತ್ತಿರ ಒಬ್ಬ ಸಗಟು ವ್ಯಾಪಾರಿ ಎಣ್ಣೆ ತಗೊಳ್ಳುತ್ತೇನೆ ಅಂದಿದ್ದರು. ಖಚಿತ ಆಗುವುದು ಮುಂದಿನ ವರ್ಷ. ಆ ಆರ್ಡರ್ ಸಿಕ್ಕರೆ ವರ್ಷಕ್ಕೆ 3,27,410 ಉಳಿಯುತ್ತದೆ. ಸಿಗದಿದ್ದರೆ 2,27,410. ಎರಡಕ್ಕೂ ಅರ್ಧರ್ಧ ಸಾಧ್ಯತೆ. ಅವರು ಹಾಕಿಕೊಂಡಿದ್ದ 2,77,410 ಇವೆರಡರ ಸರಾಸರಿ. ಸೊನ್ನೆ ಬಂದದ್ದೂ ಆ ಸರಾಸರಿಯಿಂದಲೇ.

ಇವತ್ತೇ ಯಂತ್ರ ತಂದರೆ ಎರಡರಲ್ಲಿ ಯಾವುದು ಬಂದರೂ ಅನುಭವಿಸಬೇಕು. ಒಳ್ಳೆಯದಾದರೆ ಎನ್‌ಪಿವಿ ಸುಮಾರು 1,80,000 ಮೇಲೆ, ಕೆಟ್ಟದಾದರೆ ಅಷ್ಟೇ ಕೆಳಗೆ. ಒಂದು ವರ್ಷ ಕಾದರೆ ಕೆಟ್ಟ ದಾರಿಯನ್ನು ಬಿಟ್ಟೇಬಿಡಬಹುದು. ಆರ್ಡರ್ ಬಂದರೆ ಯಂತ್ರ ತರುತ್ತಾರೆ, ಇಲ್ಲದಿದ್ದರೆ ಸುಮ್ನೆ ಇರುತ್ತಾರೆ. ಅರ್ಧ ಸಾಧ್ಯತೆಯಲ್ಲಿ 1,80,000, ಇನ್ನರ್ಧದಲ್ಲಿ ಸೊನ್ನೆ. ಸರಾಸರಿ 90,000. ಅದು ಸಿಗುವುದು ಒಂದು ವರ್ಷ ಆದ ಮೇಲೆ, ಹಾಗಾಗಿ ಇವತ್ತಿನ ಬೆಲೆ ಸುಮಾರು 80,000 ರೂಪಾಯಿ. ಇವತ್ತೇ ಒಪ್ಪಿದರೆ ಕೈಯಲ್ಲಿರುವುದು ಸೊನ್ನೆ, ಕಾದರೆ 80,000. ಇವೆರಡೂ ಒಂದೇ ಹೇಗಾಗುತ್ತದೆ?

ಇಲ್ಲಿ ಒಂದು ವಿಷಯ ಗಮನಿಸಿ. ಕಾಯುವಷ್ಟರಲ್ಲಿ ಯಂತ್ರದ ಬೆಲೆ ಏರಬಾರದು, ಪಕ್ಕದೂರಿನವರು ಮೊದಲು ಮಿಲ್ಲು ಹಾಕಿ ಅದೇ ಗಿರಾಕಿಯನ್ನು ಹಿಡಿಯಬಾರದು. ಹಾಗೆ ಆಗುವ ಕಡೆ ಕಾಯುವುದರ ಬೆಲೆ ಕರಗುತ್ತದೆ. ಒಂದು ವರ್ಷದಲ್ಲಿ ಹೊಸದೇನೂ ಗೊತ್ತಾಗುವುದಿಲ್ಲ ಅನ್ನುವ ಕಡೆಯಲ್ಲೂ ಕಾದು ಪ್ರಯೋಜನ ಇಲ್ಲ.

ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಮುಖ್ಯ: ಆ ಸೊನ್ನೆ ನಿಜವಾಗಿಯೂ ಸೊನ್ನೆಯಾ? ಸರಿಯಾಗಿ ಸೊನ್ನೆ ಬಂದ ಹಾಳೆ ಕಂಡರೆ ನಾನು ಮತ್ತೆ ಮೊದಲಿನಿಂದ ಓದುತ್ತೇನೆ. ಇದೇ ಲೆಕ್ಕದಲ್ಲಿ ದರವನ್ನು 12ರ ಬದಲು 13 ಮಾಡಿ, 24,000 ಕೆಳಗೆ ಹೋಗುತ್ತದೆ. 11 ಮಾಡಿ, 25,000 ಮೇಲೆ ಬರುತ್ತದೆ. ದರ ಆರಿಸುವಾಗ ಒಂದು ಪರ್ಸೆಂಟ್ ಆಚೀಚೆ ಆಗುವುದು ದೊಡ್ಡ ಮಾತೇನಲ್ಲ ಅಲ್ವಾ? ಆದರೆ ಇಲ್ಲಿ ಸಿಕ್ಕಿದ ತಪ್ಪು ದರದಲ್ಲಿ ಇರಲಿಲ್ಲ.

ಶೇಂಗಾ ಸುಗ್ಗಿ ಬಂದಾಗಲೇ ಕೊಂಡು ಗೋಡೌನಿನಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ 3 ಲಕ್ಷ ಕಟ್ಟಿಹಾಕಬೇಕಿತ್ತು. ಅವರ ಹಾಳೆಯಲ್ಲಿ ಅದು ಇರಲಿಲ್ಲ. ಕೇಳಿದ್ದಕ್ಕೆ, "ಅದು ಖರ್ಚಲ್ಲ ಸಾರ್, ಮಿಲ್ಲು ಮುಚ್ಚಿದ ದಿನ ಪೂರ್ತಿ ವಾಪಸ್ ಬರುತ್ತೆ" ಅಂದರು. ವಾಪಸ್ ಬರುವುದು ನಿಜ. ಆದರೆ ಐದು ವರ್ಷ ಆದ ಮೇಲೆ ಬರುವ 3 ಲಕ್ಷಕ್ಕೆ ಶೇ. 12ರ ಲೆಕ್ಕದಲ್ಲಿ ಇವತ್ತಿನ ಬೆಲೆ ಸುಮಾರು 1,70,000. ಅಂದರೆ ಒಂದು ರೂಪಾಯಿಯೂ ಖರ್ಚಾಗದೆ 1,30,000 ಹೋಯಿತು. ಸೊನ್ನೆ ಅಂದುಕೊಂಡಿದ್ದ ಯೋಜನೆ ನಿಜದಲ್ಲಿ ಅಷ್ಟು ಕೆಳಗಿತ್ತು.

ಅದರ ಮೇಲೆ ಅವರೂ ಅವರ ತಮ್ಮನೂ ದಿನವಿಡೀ ಮಿಲ್ಲಿನಲ್ಲೇ ನಿಲ್ಲುವವರಿದ್ದರು. ಕೂಲಿಯ ಸಾಲಿನಲ್ಲಿ ಒಬ್ಬ ಆಳು ಮಾತ್ರ ಇದ್ದ. ತಮ್ಮ ದುಡಿಮೆಗೆ ಸಂಬಳ ಹಾಕಿಕೊಳ್ಳದೆ ಬಂದ ಸೊನ್ನೆಯಲ್ಲಿ ಅವರ ಸಂಬಳವನ್ನೇ ಮಿಲ್ಲು ಬಡ್ಡಿ ಅಂತ ತೋರಿಸುತ್ತಿರುತ್ತದೆ. ಮನೆಯವರೇ ನಡೆಸುವ ವ್ಯವಹಾರಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ, ಪ್ರತಿ ಸಲವೂ ಬೇಜಾರಾಗುತ್ತದೆ. ಬೇರೆ ಕಡೆ ಹೋಗಿದ್ದರೆ ಅವರಿಗೆ ಎಷ್ಟು ಸಿಗುತ್ತಿತ್ತೋ ಅದನ್ನು ಖರ್ಚಿನಲ್ಲಿ ಬರೆದ ಮೇಲೆಯೇ ಎನ್‌ಪಿವಿ ನೋಡಬೇಕು.

ಹಾಗಾದರೆ ಸೊನ್ನೆಗೆ ಯಾವಾಗ ಹೂಂ ಅನ್ನಬಹುದು? ಎಲ್ಲ ಖರ್ಚೂ ಹಾಳೆಯಲ್ಲಿದೆ, ಕಾಯಲು ಆಗುವುದಿಲ್ಲ, ಆ ಹಣಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂದಾಗ ಒಪ್ಪಿದರೆ ನಷ್ಟವಿಲ್ಲ. ಇದನ್ನು ಮಾಡಿದರೆ ಮುಂದೆ ಇನ್ನೊಂದು ಒಳ್ಳೆಯ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಅಂದರೂ ಒಪ್ಪಬಹುದು. ಆದರೆ ಆ ಮುಂದಿನ ಕೆಲಸದ ಲೆಕ್ಕವನ್ನೂ ಬರೆದು ತೋರಿಸಿ. "ಮುಂದೆ ಅನುಕೂಲ ಆಗುತ್ತೆ" ಅನ್ನುವ ಒಂದು ಸಾಲನ್ನು ನಾನು ಒಪ್ಪುವುದಿಲ್ಲ.

ಮಿಲ್ಲಿನವರು ಆ ವರ್ಷ ಯಂತ್ರ ತರಲಿಲ್ಲ. ಗೋಡೌನಿನ ಹಣ ಸೇರಿಸಿದ ಮೇಲೂ, ಸಗಟು ಆರ್ಡರ್ ಬಂದರೆ ಎನ್‌ಪಿವಿ ಸುಮಾರು 50,000 ಮೇಲಿರುತ್ತಿತ್ತು. ಬರದಿದ್ದರೆ 3 ಲಕ್ಷಕ್ಕೂ ಜಾಸ್ತಿ ಕೆಳಗೆ. ಅಣ್ಣತಮ್ಮಂದಿರ ಸಂಬಳ ಹಾಕಿದರೆ ಆ 50,000 ಕೂಡ ನಿಲ್ಲುವುದು ಅನುಮಾನ. ಹಾಗಾಗಿ ಒಂದು ಸುಗ್ಗಿ ಮಟ್ಟಿಗೆ ಬೇರೆಯವರ ಮಿಲ್ಲಿನಲ್ಲಿ ಕೂಲಿ ಕೊಟ್ಟು ಶೇಂಗಾ ಆಡಿಸಿದರು. ಆ ಎಣ್ಣೆಯನ್ನೇ ಡಬ್ಬಕ್ಕೆ ತುಂಬಿ ವ್ಯಾಪಾರಿಗೆ ಕಳಿಸಿ, ಅವರು ಎರಡನೇ ಸಲ ಆರ್ಡರ್ ಕೊಡುತ್ತಾರಾ ಅಂತ ನೋಡಿದರು.