ನಂಬರ್ ಪ್ಲೇಟ್ ಬದಲಾದ ಮಾತ್ರಕ್ಕೆ ಬೋನಸ್ ಹೋಗುವುದಿಲ್ಲ

ಪ್ರಶ್ನೆ: ಮೈಸೂರಿನಿಂದ ಪುಣೆಗೆ ವರ್ಗವಾಗಿದೆ. ಕಾರು ಕೆಎ-09, ಸಾಲ ತೀರಿದೆ. ನಾಲ್ಕು ವರ್ಷದಿಂದ ಕ್ಲೇಮ್ ಮಾಡಿಲ್ಲ, ಅದಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿಯಾಗಿ ಸಿಗುವ ನೋ ಕ್ಲೇಮ್ ಬೋನಸ್ 45% ಇದೆ. ಎಂಎಚ್ ನಂಬರ್ ಸಿಕ್ಕ ಮೇಲೆ ಹಳೆ ಪಾಲಿಸಿ ರದ್ದಾಗುತ್ತದೆ, ಹೊಸದಾಗಿ ಮಾಡಿಸಬೇಕು, ಬೋನಸ್ ಸೊನ್ನೆಯಿಂದ ಶುರುವಾಗುತ್ತದೆ ಎನ್ನುತ್ತಾರೆ ಏಜೆಂಟ್. ನಿಜವೇ ಸಾರ್?

ಸುಳ್ಳು. ವರ್ಗಾವಣೆ ಆದೇಶಗಳು ಹೊರಡುವ ಮೇ, ಜೂನ್ ತಿಂಗಳು ಬಂದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಪ್ರತಿ ಸಲವೂ ಹಿಂದೆ ಹೊಸ ಪಾಲಿಸಿಯ ಕಮಿಷನ್ ಮೇಲೆ ಕಣ್ಣಿಟ್ಟ ಒಬ್ಬ ಏಜೆಂಟ್ ಇರುತ್ತಾನೆ.

ನಿಮ್ಮ ಪಾಲಿಸಿ ಇಡೀ ಭಾರತಕ್ಕೆ ಅನ್ವಯಿಸುತ್ತದೆ. ಅದರಲ್ಲಿ ಗಾಡಿಯ ಗುರುತಾಗಿ ನೋಂದಣಿ ಸಂಖ್ಯೆಯ ಜೊತೆಗೆ ಚಾಸಿ ಮತ್ತು ಎಂಜಿನ್ ನಂಬರೂ ಇರುತ್ತವೆ. ಆರ್‌ಟಿಒ ಹೊಸ ಸಂಖ್ಯೆ ಕೊಟ್ಟರೂ ಆ ಎರಡು ಬದಲಾಗುವುದಿಲ್ಲ. ಹಾಗಾಗಿ ಪಾಲಿಸಿ ಮುಂದುವರಿಯುತ್ತದೆ, ಅದರಲ್ಲಿ ಸಂಖ್ಯೆಯನ್ನೂ ವಿಳಾಸವನ್ನೂ ತಿದ್ದಿಸಿದರೆ ಮುಗಿಯಿತು. ಇದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಬೋನಸ್ ಅಂತೂ ಗಾಡಿಯದ್ದೂ ಅಲ್ಲ, ಊರಿನದ್ದೂ ಅಲ್ಲ. ಅದು ಪಾಲಿಸಿದಾರರಾದ ನಿಮ್ಮದು.

ಮೈಸೂರಿನ ಆರ್‌ಟಿಒದಿಂದ ಎನ್‌ಒಸಿ ಪಡೆಯುವುದು, ಪುಣೆಯಲ್ಲಿ ತೆರಿಗೆ ಕಟ್ಟುವುದು ನಿಮಗೆ ಗೊತ್ತಿರುವ ಕೆಲಸ, ಅದನ್ನು ಇಲ್ಲಿ ಬಿಡುತ್ತೇನೆ. ಹೊಸ ಆರ್‌ಸಿ ಕೈಗೆ ಬರುವ ತನಕ ಪಾಲಿಸಿಯಲ್ಲಿ ಹಳೆ ಸಂಖ್ಯೆಯೇ ಇರಲಿ. ಪುಣೆಯ ಆರ್‌ಟಿಒ ಚಾಲ್ತಿಯಲ್ಲಿರುವ ವಿಮೆ ಕೇಳಿದಾಗ ಅದನ್ನೇ ತೋರಿಸಿ. ಎಂಎಚ್-12 ಸಂಖ್ಯೆಯ ಆರ್‌ಸಿ ಬಂದ ವಾರದಲ್ಲೇ ಅದರ ಪ್ರತಿ, ಹಳೆ ಪಾಲಿಸಿ ಮತ್ತು ಒಂದು ಪತ್ರವನ್ನು ವಿಮಾ ಕಂಪನಿಗೆ ಕೊಡಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ನಾನಾದರೆ ಬರವಣಿಗೆಯಲ್ಲಿ ಸ್ವೀಕೃತಿ ಸಿಗುವವರೆಗೆ ಕೆಲಸ ಆಯಿತು ಎಂದುಕೊಳ್ಳುವುದಿಲ್ಲ.

ಇಲ್ಲಿ ತುಂಬಾ ಜನ ಎಡವುವ ಇನ್ನೊಂದು ವಿಷಯವಿದೆ. 2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ, ಗಾಡಿಯ ಸ್ವಂತ ಹಾನಿಯ ಪಾಲಿಸಿಯನ್ನು ಮಾತ್ರ ವರ್ಷವರ್ಷ ಬೇರೆ ಕಂಪನಿಯಲ್ಲೂ ಮಾಡಿಸಬಹುದು. ನಿಮ್ಮ ಕಾರಿಗೆ ಆ ಮೂರು ವರ್ಷ ಮುಗಿದಿದೆ. ಇನ್ನೂ ಮುಗಿಯದವರು ಎರಡು ಕಂಪನಿಯಲ್ಲಿ ವಿಮೆ ಇಟ್ಟಿದ್ದರೆ ಎರಡು ಕಡೆಯೂ ಎಂಡಾರ್ಸ್‌ಮೆಂಟ್ ಆಗಲೇಬೇಕು. ಒಂದನ್ನು ತಿದ್ದಿಸಿ ಇನ್ನೊಂದನ್ನು ಮರೆತವರ ಕಡತಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ದರ ಸ್ವಲ್ಪ ಬದಲಾಗಬಹುದು. ಹಳೆ ದರಪಟ್ಟಿಯಲ್ಲಿ ಕಾರುಗಳಿಗೆ ಎ ಮತ್ತು ಬಿ ಎಂದು ಎರಡು ವಲಯಗಳಿದ್ದವು. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ ಮುಂತಾದ ಎಂಟು ನಗರಗಳು ಎ, ಮೈಸೂರೂ ಸೇರಿ ಉಳಿದದ್ದೆಲ್ಲ ಬಿ. ಗಾಡಿ ನೋಂದಣಿಯಾದ ಊರಿನ ಮೇಲೆ ದರ ನಿಲ್ಲುವ ಆ ರೂಢಿ ಈಗಲೂ ಉಳಿದಿದೆ. ಆದ್ದರಿಂದ ಎಂಡಾರ್ಸ್‌ಮೆಂಟ್ ಸಮಯದಲ್ಲಿ ಉಳಿದ ತಿಂಗಳುಗಳಿಗೆ ಕಂಪನಿ ಒಂದಿಷ್ಟು ಹೆಚ್ಚು ಹಣ ಕೇಳಿದರೆ ಜಗಳ ಬೇಡ, ಕಟ್ಟಿ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುವುದರಿಂದ ಅದು ಊರಿನಿಂದ ಊರಿಗೆ ಬದಲಾಗುವುದಿಲ್ಲ. ತಿದ್ದಿದ ಕಾಗದ ಬಂದಾಗ ಚಾಸಿ ನಂಬರಿನ ಕೊನೆಯ ಐದು ಅಂಕಿ, ಗಾಡಿಗೆ ವಿಮೆಯಲ್ಲಿ ನಿಗದಿಯಾದ ಮೌಲ್ಯವಾದ ಐಡಿವಿ, ಮುಕ್ತಾಯ ದಿನಾಂಕ, ಬೋನಸ್ ಶೇಕಡಾವಾರು ಎಲ್ಲವೂ ಮೊದಲಿನಂತೆಯೇ ಇವೆಯೇ ನೋಡಿ. ಬದಲಾಗಿರಬೇಕಾದದ್ದು ಸಂಖ್ಯೆ ಮತ್ತು ವಿಳಾಸ ಮಾತ್ರ.

ಹಾಗಾದರೆ ಜನ ಬೋನಸ್ ಕಳೆದುಕೊಳ್ಳುವುದು ಎಲ್ಲಿ? ಎನ್‌ಒಸಿಗೂ ಹೊಸ ಸಂಖ್ಯೆಗೂ ನಡುವಿನ ತಿಂಗಳುಗಳಲ್ಲಿ. ನಿಮ್ಮ ಪಾಲಿಸಿ ಜೂನ್ 10ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಆರ್‌ಟಿಒ ಕೆಲಸ ಎಳೆಯುತ್ತಿದೆ, ಹೊಸ ನಂಬರ್ ಬಂದ ಮೇಲೆ ಒಟ್ಟಿಗೇ ಮಾಡಿಸಿದರಾಯಿತು ಎಂದು ಕಾಯುತ್ತೀರಿ. ಮುಗಿದ ದಿನದಿಂದ 90 ದಿನ ದಾಟಿದರೆ, ಅಂದರೆ ಸೆಪ್ಟೆಂಬರ್ 8 ಕಳೆದರೆ, ಬೋನಸ್ ಹೋಯಿತು. ಅಷ್ಟು ದಿನ ವಿಮೆಯಿಲ್ಲದೆ ಗಾಡಿ ಓಡಿಸಿದ ಅಪರಾಧ ಬೇರೆ. ಹಾಗೆ ಕಾಯಬೇಡಿ, ಹಳೆ ಕೆಎ ಸಂಖ್ಯೆಯಲ್ಲೇ ನವೀಕರಿಸಿ, ಆಮೇಲೆ ಎಂಡಾರ್ಸ್‌ಮೆಂಟ್ ಮಾಡಿಸಿ.

ಎರಡನೆಯ ಹೊಂಡ ಆನ್‌ಲೈನ್ ನವೀಕರಣದಲ್ಲಿದೆ. ಹೊಸ ಎಂಎಚ್ ಸಂಖ್ಯೆ ಹಾಕಿದರೆ ಜಾಲತಾಣಕ್ಕೆ ಹಳೆ ಪಾಲಿಸಿ ಸಿಗದೆ ಹೋಗಬಹುದು. ಹಿಂದಿನ ಪಾಲಿಸಿ ಇದೆಯೇ ಎಂದು ಅದು ಕೇಳಿದಾಗ ಅವಸರದಲ್ಲಿ 'ಇಲ್ಲ' ಒತ್ತಿಬಿಡುತ್ತಾರೆ. ಸ್ವಂತ ಹಾನಿಯ ಪ್ರೀಮಿಯಂ 12,000 ರೂಪಾಯಿ ಎಂದಿಟ್ಟುಕೊಂಡರೆ, 45% ಬೋನಸ್‌ನಲ್ಲಿ ಅದು 6,600ಕ್ಕೆ ಇಳಿಯುತ್ತದೆ. ಉಳಿಯುವ 5,400ರ ಜೊತೆ ಅದರ ಮೇಲಿನ 18% ಜಿಎಸ್‌ಟಿ ಸೇರಿಸಿದರೆ 6,372 ರೂಪಾಯಿ. ಒಂದು ತಪ್ಪು ಗುಂಡಿಗೆ ಇಷ್ಟು ದಂಡ, ಅದೂ ಮೊದಲ ವರ್ಷದ್ದು ಮಾತ್ರ. 20, 25, 35 ಹತ್ತಿ ಮತ್ತೆ 45ಕ್ಕೆ ಬರಲು ಕ್ಲೇಮ್ ಇಲ್ಲದ ನಾಲ್ಕು ವರ್ಷ ಬೇಕು. ಬೋನಸ್ ಥರ್ಡ್ ಪಾರ್ಟಿ ಭಾಗಕ್ಕೆ ಸಿಗುವುದಿಲ್ಲ, ಅದನ್ನೂ ಸೇರಿಸಿ ಲೆಕ್ಕ ಹೇಳುವವರನ್ನು ನಂಬಬೇಡಿ.

ಎಂಡಾರ್ಸ್‌ಮೆಂಟ್ ಮಾಡಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಪಘಾತವಾದಾಗ ಸರ್ವೇಯರ್ ಕೈಯಲ್ಲಿ ಎಂಎಚ್ ಆರ್‌ಸಿ, ಕೆಎ ಪಾಲಿಸಿ. ಚಾಸಿ ನಂಬರ್ ತಾಳೆಯಾಗುವ ತನಕ ಗಾಡಿ ಗ್ಯಾರೇಜಿನಲ್ಲೇ ನಿಲ್ಲುತ್ತದೆ, ಕ್ಯಾಶ್‌ಲೆಸ್ ಕಷ್ಟ. ಒಂದು ಕಾಗದಕ್ಕೆ ಸೋಮಾರಿತನ ಮಾಡಿ ಇಷ್ಟೆಲ್ಲ ಪಡುವುದೇಕೆ?

ಪ್ರಶ್ನೆ: ಪ್ಯಾಕರ್ಸ್‌ನವರು ಕಾರು ಸಾಗಿಸಲು 'ಟ್ರಾನ್ಸಿಟ್ ಇನ್ಶೂರೆನ್ಸ್' ಎಂದು ಬೇರೆ ಹಣ ಕೇಳುತ್ತಿದ್ದಾರೆ. ನನ್ನ ಪಾಲಿಸಿ ಸಾಲದೇ?

ಥರ್ಡ್ ಪಾರ್ಟಿ, ಸ್ವಂತ ಹಾನಿ ಎರಡೂ ಸೇರಿದ ಪ್ಯಾಕೇಜ್ ಪಾಲಿಸಿಯಾಗಿದ್ದರೆ ರಸ್ತೆಯಲ್ಲೋ ರೈಲಿನಲ್ಲೋ ಸಾಗಿಸುವಾಗ ಆಗುವ ಹಾನಿಯೂ ಅದರಲ್ಲಿ ಸೇರಿದೆ. ಆದರೆ ಬಂಪರಿನ ಒಂದು ಗೀರಿಗೆ ಅಲ್ಲಿ ಕ್ಲೇಮ್ ಹಾಕಿದರೆ ಬೋನಸ್ ಪೂರ್ತಿ ಹೋಗುತ್ತದೆ. ಅದಕ್ಕೇ ಪ್ರತ್ಯೇಕ ವಿಮೆ ಒಳ್ಳೆಯದು ಎನ್ನುತ್ತೇನೆ, ಅದು ನಿಜವಾಗಿ ವಿಮೆಯಾಗಿದ್ದರೆ. ಪ್ಯಾಕರ್ಸ್ ಬಿಲ್ಲಿನ ಒಂದು ಸಾಲು ವಿಮೆಯಲ್ಲ. ವಿಮಾ ಕಂಪನಿಯ ಹೆಸರು, ನಿಮ್ಮ ಚಾಸಿ ನಂಬರ್ ಮತ್ತು ಪಾಲಿಸಿ ಸಂಖ್ಯೆ ಇರುವ ಪ್ರಮಾಣಪತ್ರ ಲಾರಿ ಹತ್ತುವ ಮೊದಲೇ ಕೈಯಲ್ಲಿರಬೇಕು. ಗಾಡಿಯ ನಾಲ್ಕೂ ಬದಿ, ಕಿಲೋಮೀಟರ್ ಮೀಟರ್ ಫೋಟೊ ತೆಗೆದು, ಇಳಿಸುವಾಗ ಕಂಡ ಗೀರನ್ನು ಅವರ ರಸೀದಿಯ ಮೇಲೆ ಬರೆದೇ ಸಹಿ ಹಾಕಿ.

ಪ್ರಶ್ನೆ: ಎಂಟು ತಿಂಗಳಿಗೆ ವಾಪಸ್ ಬರುತ್ತೇನೆ. ಅಲ್ಲಿಯವರೆಗೆ ಕೆಎ ನಂಬರಿನಲ್ಲಿ ಅಪಘಾತವಾದರೆ ಕ್ಲೇಮ್ ಸಿಗುವುದಿಲ್ಲವಂತೆ?

ಸಿಗುತ್ತದೆ. ಹೊಸ ಸಂಖ್ಯೆ ಪಡೆಯಬೇಕೆಂಬ ನಿಯಮ ಹೊರರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡ ಗಾಡಿಗೆ. ವಿಳಾಸ ಮಾತ್ರ ಈಗಲೇ ಕಂಪನಿಗೆ ತಿಳಿಸಿ.

ಪ್ರಶ್ನೆ: ಹಳೆ ಕಾರು ಇಲ್ಲೇ ಮಾರಿ ಅಲ್ಲಿ ಹೊಸದು ಕೊಳ್ಳುತ್ತೇನೆ. ಬೋನಸ್?

ಮಾರಿದ ಕೂಡಲೇ ಕಂಪನಿಯಿಂದ ಬೋನಸ್ ಪತ್ರ ಪಡೆಯಿರಿ, ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹಳೆ ಕಾರು ಕೊಂಡವರಿಗೆ ನಿಮ್ಮ ಬೋನಸ್ ಹೋಗುವುದಿಲ್ಲ.

ಪ್ರಶ್ನೆ: ಹೋದ ವರ್ಷ ಕ್ಲೇಮ್ ಆಗಿದೆ. ಹೊಸ ರಾಜ್ಯ, ಹೊಸ ಕಂಪನಿ, ಯಾರಿಗೂ ಗೊತ್ತಾಗುವುದಿಲ್ಲ, 50% ಹಾಕಿಕೊಡುತ್ತೇನೆ ಎನ್ನುತ್ತಿದ್ದಾನೆ ಏಜೆಂಟ್.

ಅವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಹೊಸ ಕಂಪನಿ ಹಳೆ ಕಂಪನಿಯನ್ನು ಕೇಳಿಯೇ ಕೇಳುತ್ತದೆ. ಬೋನಸ್ ಬಗ್ಗೆ ನೀವು ಸಹಿ ಹಾಕುವ ಘೋಷಣೆಯಲ್ಲಿ, ಅದು ಸುಳ್ಳಾದರೆ ಸ್ವಂತ ಹಾನಿಯ ಪ್ರಯೋಜನಗಳೆಲ್ಲ ರದ್ದು ಎಂದು ಬರೆದಿರುತ್ತದೆ. ಕಾರು ಪೂರ್ತಿ ಜಖಂ ಆದ ದಿನ ಆ ಸಹಿ ನಿಮ್ಮದೇ ಆಗಿರುತ್ತದೆ, ಏಜೆಂಟ್ ಫೋನ್ ಎತ್ತುವುದಿಲ್ಲ.